ಸಾಲದ ಕಂತು ಇಳಿಸಿಕೊಂಡ ಕಥೆ: ಒಬ್ಬ ಸಣ್ಣ ತಯಾರಕನ ಅನುಭವ

ನಮ್ಮದು ಲೋಹದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಯಂತ್ರ ಕೊಳ್ಳಲು ತೆಗೆದ ಒಂದು ಟರ್ಮ್ ಲೋನ್, ದಿನನಿತ್ಯದ ಖರ್ಚಿಗೆ ಒಂದು ಓವರ್‌ಡ್ರಾಫ್ಟ್, ಎರಡೂ ಒಂದೇ ಬ್ಯಾಂಕಿನಲ್ಲಿವೆ. ಟರ್ಮ್ ಲೋನಿನ ಅವಧಿ ಹೆಚ್ಚಿಸಿ ಕಂತು ಇಳಿಸಿ ಎಂದು ಬ್ಯಾಂಕನ್ನು ಕೇಳಿದೆವು. ಬ್ಯಾಂಕಿನ ಭಾಷೆಯಲ್ಲಿ ಇದು ರಿಸ್ಟ್ರಕ್ಚರಿಂಗ್. ಕೊನೆಯ ಸಹಿ ಬಿದ್ದು ಹೆಚ್ಚು ದಿನವಾಗಿಲ್ಲ. ನಡುವೆ ಏನೇನಾಯಿತು ಅಂತ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಇದೇ ದಾರಿ ಹಿಡಿಯುವವರಿಗೆ ಬೇಕಾಗಬಹುದು.

ನಿಜವಾದ ಮೊತ್ತಗಳನ್ನು ಇಲ್ಲಿ ಹೇಳುವುದಿಲ್ಲ. ನಮ್ಮ ಒಳ್ಳೆಯ ದಿನಗಳ ಒಂದು ತಿಂಗಳ ಮಾರಾಟವನ್ನು 100 ಎಂದಿಟ್ಟುಕೊಳ್ಳಿ. ಮುಂದೆ ಬರುವ ಮೊತ್ತಗಳೆಲ್ಲ ಆ 100ರ ಲೆಕ್ಕದಲ್ಲೇ ಇವೆ. ನಿಮ್ಮ ಕಾರ್ಖಾನೆಯ ಅಂಕಿಗಳನ್ನೂ ಹೀಗೆಯೇ ಇಳಿಸಿ ಹೋಲಿಸಿ ನೋಡಬಹುದು.

ಆ ದಿನಗಳಲ್ಲಿ 100 ಮಾರಿದರೆ ಕಚ್ಚಾ ಮಾಲಿಗೆ 52, ಸಂಬಳಕ್ಕೆ 16, ಕರೆಂಟು, ಬಾಡಿಗೆ, ತೆರಿಗೆ ಮತ್ತು ಉಳಿದದ್ದಕ್ಕೆ 12 ಹೋಗುತ್ತಿತ್ತು. ಕೈಯಲ್ಲಿ 20 ಉಳಿಯುತ್ತಿತ್ತು. ಬ್ಯಾಂಕಿಗೆ ಕಂತು 13, ಓವರ್‌ಡ್ರಾಫ್ಟ್ ಬಡ್ಡಿ 1, ಒಟ್ಟು 14. ಉಸಿರಾಡಲು ಜಾಗ ಇತ್ತು.

ಆಮೇಲೆ ನಮ್ಮ ದೊಡ್ಡ ಗಿರಾಕಿ ಎರಡು ಕೆಲಸ ಒಟ್ಟಿಗೇ ಮಾಡಿದರು. 40 ಇದ್ದ ಆರ್ಡರನ್ನು 20ಕ್ಕೆ ಇಳಿಸಿದರು. 45 ದಿನಕ್ಕೆ ಕೊಡುತ್ತಿದ್ದ ಹಣವನ್ನು ಇನ್ನು ಮುಂದೆ 90 ದಿನಕ್ಕೆ ಕೊಡುತ್ತೇವೆ ಎಂದರು. ಮಾರಾಟ 80ಕ್ಕೆ ಬಂತು. ಮಾಲಿನ ಖರ್ಚು 42ಕ್ಕೆ ಇಳಿಯಿತು. ಸಂಬಳ, ಬಾಡಿಗೆ ಹಾಗೆಲ್ಲ ಇಳಿಯುವುದಿಲ್ಲ ಅಲ್ವಾ? ಹಿಂಡಿ ಹಿಂಡಿ 26ಕ್ಕೆ ತಂದೆವು. ಉಳಿದದ್ದು 12, ಬ್ಯಾಂಕಿಗೆ ಬೇಕಾದದ್ದು 14. ತಿಂಗಳಿಗೆ 2 ಕೊರತೆ.

ಇಲ್ಲೊಂದು ಮೋಸದ ತಿರುವಿದೆ. ಆರ್ಡರ್ ಬಿದ್ದ ಮೊದಲ ತಿಂಗಳು ನಮ್ಮ ಖಾತೆ ಚೆನ್ನಾಗಿಯೇ ಕಾಣುತ್ತಿತ್ತು. ಹಳೆಯ ಬಿಲ್ಲುಗಳ ಹಣ ಪೂರ್ತಿ 100 ಬಂತು. ಹಿಂದಿನ ತಿಂಗಳ ಮಾಲಿಗೆ 52 ಕೊಟ್ಟು, ಉಳಿದ ಖರ್ಚು ಕಳೆದು, ಬ್ಯಾಂಕಿನ 14 ಕಟ್ಟಿದ ಮೇಲೂ 8 ಮಿಕ್ಕಿತು. ಎರಡನೇ ತಿಂಗಳು 2 ಕಡಿಮೆ ಬಿತ್ತು. ಮೂರನೇ ತಿಂಗಳು ಆ ದೊಡ್ಡ ಗಿರಾಕಿಯಿಂದ ಒಂದು ಪೈಸೆಯೂ ಬರಲಿಲ್ಲ. ಹಳೆಯ ಬಿಲ್ಲುಗಳು ಮುಗಿದಿದ್ದವು, ಹೊಸ ಬಿಲ್ಲುಗಳಿಗೆ ಇನ್ನೂ 90 ದಿನ ಆಗಿರಲಿಲ್ಲ. ಬೇರೆಯವರಿಂದ ಬಂದದ್ದು 60, ಹೋಗಬೇಕಾದದ್ದು 82. ಒಂದೇ ತಿಂಗಳಲ್ಲಿ 22ರ ಗುಂಡಿ. ನಾಲ್ಕನೇ ತಿಂಗಳಿಂದ ಮತ್ತೆ ತಿಂಗಳಿಗೆ 2ರ ಕೊರತೆ.

ಲಾಭ-ನಷ್ಟದ ಪಟ್ಟಿಯಲ್ಲಿ ಈ ಗುಂಡಿ ಕಾಣುವುದೇ ಇಲ್ಲ. ಅಲ್ಲಿ ಮೂರು ತಿಂಗಳೂ ಒಂದೇ ಥರ ಇರುತ್ತವೆ. ನಗದು ಹರಿವಿನ ಲೆಕ್ಕ, ಅಂದರೆ ಕ್ಯಾಶ್ ಫ್ಲೋ ಬರೆದರೆ ಮಾತ್ರ ಯಾವ ತಿಂಗಳು ಎಷ್ಟು ಕಡಿಮೆ ಬೀಳುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ನಾವು ಬರೆದದ್ದರಿಂದ ಎರಡನೇ ತಿಂಗಳಲ್ಲೇ, ಇನ್ನೂ ಒಂದು ಕಂತೂ ತಪ್ಪದಿರುವಾಗಲೇ, ಬ್ಯಾಂಕಿನ ಬಾಗಿಲು ತಟ್ಟಿದೆವು.

ಈ ಸಮಯ ಯಾಕೆ ಮುಖ್ಯ ಅಂತ ಹೇಳಿಬಿಡುತ್ತೇನೆ. ಜಗತ್ತಿನ ಬ್ಯಾಂಕುಗಳು ಅನುಸರಿಸುವ ಬಾಸೆಲ್ ಸಮಿತಿಯ ನಿಯಮಗಳಲ್ಲಿ ಕಂತು 90 ದಿನ ಮೀರಿ ಬಾಕಿ ಉಳಿದರೆ ಆ ಸಾಲ ಕೆಟ್ಟ ಸಾಲ ಎಂದು ಲೆಕ್ಕ. ಅಲ್ಲಿಗೆ ಹೋದ ಮೇಲೆ ನಿಮ್ಮ ಕಡತ ಶಾಖೆಯವರ ಕೈ ಬಿಟ್ಟು ವಸೂಲಿ ನೋಡುವವರ ಕೈಗೆ ಹೋಗುವ ಸಾಧ್ಯತೆ ಜಾಸ್ತಿ. ಕಂತು ತಪ್ಪುವ ಮುಂಚೆ ಹೋದವನ ಜೊತೆ ನಡೆಯುವ ಮಾತುಕತೆಯೇ ಬೇರೆ.

ಶಾಖೆಯ ಮ್ಯಾನೇಜರ್ ಎದುರು ಕೂತಾಗ ನನಗೆ ನಾಚಿಕೆ ಆಗಿತ್ತು, ಸುಳ್ಳು ಹೇಳುವುದಿಲ್ಲ. ಸಾಲ ತೆಗೆಯುವಾಗ ಇದೇ ಕುರ್ಚಿಯಲ್ಲಿ ಕೂತು ದೊಡ್ಡ ದೊಡ್ಡ ಮಾತು ಆಡಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ: "ಕಷ್ಟ ಅಂತೀರಲ್ಲ, ಇದು ಎಷ್ಟು ದಿನದ ಕಷ್ಟ?"

ಈ ಪ್ರಶ್ನೆಯ ಹಿಂದೆ ಒಂದು ನಿಯಮವಿದೆ. ಬಾಸೆಲ್ ಸಮಿತಿ 2017ರಲ್ಲಿ ಕೊಟ್ಟ ಮಾರ್ಗಸೂಚಿ ಇಂಥ ರಿಯಾಯಿತಿಗೆ ಎರಡು ಗುರುತು ಹೇಳುತ್ತದೆ. ಸಾಲಗಾರ ನಿಜವಾಗಿ ಹಣದ ಕಷ್ಟದಲ್ಲಿರಬೇಕು. ಮತ್ತು ಕಷ್ಟವಿಲ್ಲದವನಿಗೆ ಬ್ಯಾಂಕ್ ಕೊಡದಂಥ ಸಡಿಲಿಕೆಯನ್ನು ಇವನಿಗೆ ಕೊಡುತ್ತಿರಬೇಕು. ಹಾಗಾಗಿ ಪತ್ರದಲ್ಲಿ ಕಷ್ಟವನ್ನು ಮುಚ್ಚಿಡುವ ಹಾಗಿಲ್ಲ. ಆದರೆ ಬರೀ ಕಷ್ಟವನ್ನೇ ಹೇಳಿದರೆ, ಈ ಕಾರ್ಖಾನೆ ಮುಳುಗುತ್ತಿದೆ, ಸಾಲ ವಾಪಸ್ ತಗೊಳ್ಳೋಣ ಅನ್ನುತ್ತಾರೆ. ಹಳೆಯ ಕಂತು ಕಟ್ಟಲಾಗದು, ಹೊಸ ಕಂತು ಖಂಡಿತ ಕಟ್ಟಬಹುದು: ಎರಡನ್ನೂ ಒಂದೇ ಲೆಕ್ಕದಲ್ಲಿ ತೋರಿಸಬೇಕು. ನಮ್ಮ ಇಡೀ ಓಡಾಟದ ಹುರುಳು ಇಷ್ಟೇ ಆಗಿತ್ತು.

ಸುತ್ತಲಿನವರು ಕೊಟ್ಟ ಸಲಹೆ ಮಾತ್ರ ಒಂದೇ. "ಒಂದು ವರ್ಷ ಕಂತಿಗೆ ರಜೆ ಕೇಳಿ, ಆಮೇಲೆ ನೋಡಿಕೊಂಡರಾಯಿತು." ನಮ್ಮ ಲೆಕ್ಕಪತ್ರ ನೋಡುವ ಮೇಡಂ ಇದನ್ನು ಕಾಗದದ ಮೇಲೆ ಹಾಕಿ ತೋರಿಸಿದರು. ನಮಗೆ ಉಳಿದಿದ್ದದ್ದು 30 ಕಂತು. ಬಾಕಿ ಅಸಲು ಸುಮಾರು 335. ಬಡ್ಡಿ ವರ್ಷಕ್ಕೆ ಶೇಕಡಾ 12, ಅಂದರೆ ತಿಂಗಳಿಗೆ ಶೇಕಡಾ 1. ಹನ್ನೆರಡು ತಿಂಗಳು ಏನೂ ಕಟ್ಟದೆ ಇದ್ದರೆ ಬಡ್ಡಿ ಅಸಲಿಗೆ ಸೇರಿ 335 ಹೋಗಿ 377 ಆಗುತ್ತದೆ. ಅದನ್ನು ಮತ್ತೆ 30 ಕಂತಿನಲ್ಲಿ ಕಟ್ಟಲು ಹೋದರೆ ಕಂತು 13 ಅಲ್ಲ, 14.6. ನಮ್ಮ ಕೈಯಲ್ಲಿ ಉಳಿಯುವುದು 12. ಒಂದು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿ, ಎದ್ದ ದಿನ ಮುಂಚಿಗಿಂತ ದೊಡ್ಡ ಕಂತು ಎದುರಿಗೆ ನಿಂತಿರುತ್ತದೆ. ರಜೆ ಮಾತ್ರ ಕೇಳಿದ ಅರ್ಜಿಗಳನ್ನು ಬ್ಯಾಂಕಿನವರು ಅನುಮಾನದಿಂದ ನೋಡುವುದು ಇದಕ್ಕೇ.

ಮೇಡಂ ಲೆಕ್ಕವನ್ನು ಉಲ್ಟಾ ಮಾಡಿದರು. ಎಷ್ಟು ಕಟ್ಟಲು ಆಗುತ್ತದೆ ಅನ್ನುವುದರಿಂದ ಶುರು ಮಾಡಿದರು. ಬ್ಯಾಂಕುಗಳು ನೋಡುವ ಒಂದು ಅನುಪಾತವಿದೆ, ಡಿಎಸ್‌ಸಿಆರ್ ಅನ್ನುತ್ತಾರೆ. ಸಾಲ ಕಟ್ಟಲು ಕೈಯಲ್ಲಿ ಉಳಿಯುವ ನಗದನ್ನು, ಕಟ್ಟಬೇಕಾದ ಅಸಲು ಬಡ್ಡಿಯಿಂದ ಭಾಗಿಸುವುದು. ನಮ್ಮ ಹಳೆಯ ದಿನಗಳಲ್ಲಿ 20ನ್ನು 14ರಿಂದ ಭಾಗಿಸಿದರೆ 1.43. ಈಗ 12ನ್ನು 14ರಿಂದ ಭಾಗಿಸಿದರೆ 0.86. ಒಂದಕ್ಕಿಂತ ಕಡಿಮೆ ಅಂದರೆ ಕಟ್ಟಲು ಸಾಲುವುದಿಲ್ಲ. ಮಾತುಕತೆಯಲ್ಲಿ ನಮ್ಮ ಬ್ಯಾಂಕಿನವರು ಕನಿಷ್ಠ 1.2 ಬೇಕು ಎಂದಿದ್ದರು. ನೀವೂ ಲೆಕ್ಕ ಹಾಕುವ ಮುಂಚೆ ಈ ಅಂಕಿಯನ್ನು ಬಾಯಿಬಿಟ್ಟು ಕೇಳಿ. ಗುರಿ ಎಲ್ಲಿದೆ ಅಂತ ಗೊತ್ತಿಲ್ಲದೆ ಪಟ್ಟಿ ಮಾಡುವುದು ಸುಮ್ನೆ ಕೆಲಸ.

ಅವಧಿಗೂ ಒಂದು ಮಿತಿ ಇತ್ತು. ಯಂತ್ರಗಳಿಗೆ ಇನ್ನು ಐದು ವರ್ಷ ಆಯುಸ್ಸು ಇದೆ ಎಂದು ಬ್ಯಾಂಕ್ ಕಳಿಸಿದ ಮೌಲ್ಯಮಾಪಕರು ಬರೆದಿದ್ದರು. ಯಂತ್ರ ಸವೆಯುವುದಕ್ಕೆ ಒಂದು ವರ್ಷ ಮುಂಚೆಯೇ ಸಾಲ ಮುಗಿಯಬೇಕು ಅನ್ನುವುದು ಬ್ಯಾಂಕಿನ ಪಟ್ಟು. ಹಾಗಾಗಿ ಹೆಚ್ಚೆಂದರೆ 48 ತಿಂಗಳು. ಅದರೊಳಗೆ ನಾವು ಕೇಳಿದ್ದು ಹೀಗೆ: ಮೊದಲ ಆರು ತಿಂಗಳು ಬಡ್ಡಿ ಮಾತ್ರ ಕಟ್ಟುತ್ತೇವೆ, ತಿಂಗಳಿಗೆ ಸುಮಾರು 3.4. ಆಮೇಲೆ 42 ತಿಂಗಳು ಸಮ ಕಂತು, ಲೆಕ್ಕ ಹಾಕಿದರೆ 9.8. ಬಡ್ಡಿ ದರ ಇಳಿಸಿ ಅಂತ ಕೇಳಲಿಲ್ಲ. ಒಂದೇ ಪತ್ರದಲ್ಲಿ ಎಲ್ಲವನ್ನೂ ಕೇಳಿದರೆ ಯಾವುದು ನಿಜವಾಗಿ ಬೇಕಾಗಿದೆ ಅಂತ ಅವರಿಗೂ ತಿಳಿಯುವುದಿಲ್ಲ.

ಆರು ತಿಂಗಳ ಬಡ್ಡಿ ಮಾತ್ರ ಅನ್ನುವುದಕ್ಕೂ ಕಾರಣ ಬರೆಯಬೇಕಾಯಿತು. ಆ ತಿಂಗಳುಗಳಲ್ಲಿ 12 ಬಂದು, ಓವರ್‌ಡ್ರಾಫ್ಟ್ ಬಡ್ಡಿ ಸೇರಿ 4.4 ಹೋದರೆ 7.6 ಉಳಿಯುತ್ತದೆ. ಆರು ತಿಂಗಳಿಗೆ ಸುಮಾರು 45. ಅದರಲ್ಲಿ 22 ಮೂರನೇ ತಿಂಗಳ ಗುಂಡಿ ಮುಚ್ಚಲು. ಉಳಿದದ್ದು ಹೊಸ ಸಣ್ಣ ಗಿರಾಕಿಗಳ ಆರ್ಡರಿಗೆ ಬಂಡವಾಳ. ಹೊಸ ಆರ್ಡರ್ ಬಂತು ಅಂದರೆ ತಕ್ಷಣ ಹಣ ಬಂತು ಅಂತಲ್ಲ. ತಿಂಗಳಿಗೆ 5ರಷ್ಟು ಹೆಚ್ಚು ಮಾರಿ 45 ದಿನ ಕಾದರೆ 7.5 ಹೊರಗೆ ಸಿಕ್ಕಿಕೊಂಡಿರುತ್ತದೆ. ಇದನ್ನು ಪಟ್ಟಿಯಲ್ಲಿ ತೋರಿಸಿದಾಗ ಮ್ಯಾನೇಜರ್ ತಲೆ ಅಲ್ಲಾಡಿಸಿದ್ದು ನೆನಪಿದೆ. ಮಾರಾಟ ಏರುವುದನ್ನು ಬರೆಯುವವರು ಬಹಳ ಜನ, ಏರಿದ ಮಾರಾಟಕ್ಕೆ ಹಣ ಎಲ್ಲಿಂದ ಅಂತ ಬರೆಯುವವರು ಕಡಿಮೆ ಎಂದರು.

ಇನ್ನು ಕ್ಯಾಶ್ ಫ್ಲೋ ಪಟ್ಟಿಯ ವಿಷಯ. ಎರಡು ಕೇಳಿದರು. ಮುಂದಿನ 13 ವಾರಗಳದ್ದು ವಾರವಾರ, ಆಮೇಲೆ ಸಾಲ ಮುಗಿಯುವವರೆಗಿನದ್ದು, ಮೊದಲ ವರ್ಷ ತಿಂಗಳ ಲೆಕ್ಕದಲ್ಲಿ, ಉಳಿದದ್ದು ವರ್ಷದ ಲೆಕ್ಕದಲ್ಲಿ. ಜಾಸ್ತಿ ಪ್ರಶ್ನೆ ಬಂದದ್ದು 13 ವಾರದ ಪಟ್ಟಿಯ ಮೇಲೆ. ಅದನ್ನು ಮಾಡುವಾಗ ಮೂರು ವಿಷಯ ನಮ್ಮನ್ನು ಕಾಪಾಡಿದವು.

ಮೊದಲನೆಯದು, ಶುರುವಿನ ಬಾಕಿ. ಪಟ್ಟಿಯ ಮೊದಲ ಸಾಲು ಅದೇ ದಿನದ ಬ್ಯಾಂಕ್ ಸ್ಟೇಟ್‌ಮೆಂಟಿನ ಕೊನೆಯ ಸಾಲಿಗೆ ಪೈಸೆ ಪೈಸೆ ಹೊಂದಬೇಕು. ಕೊಟ್ಟ ಚೆಕ್ಕು ಇನ್ನೂ ಪಾಸಾಗಿಲ್ಲ ಅಂದರೆ ಅದನ್ನು ಬೇರೆ ಸಾಲಿನಲ್ಲಿ ತೋರಿಸಿ. ಓದುವವರು ಮೊದಲು ನೋಡುವುದೇ ಇದನ್ನು, ಯಾಕೆಂದರೆ ಅವರ ಬಳಿ ಸ್ಟೇಟ್‌ಮೆಂಟ್ ಇದ್ದೇ ಇರುತ್ತದೆ.

ಎರಡನೆಯದು, ಹಣ ಬರುವ ದಿನ. ಬಿಲ್ಲಿನ ಮೇಲೆ ಬರೆದ ದಿನವನ್ನು ನಂಬಿ ಪಟ್ಟಿ ಮಾಡಬಾರದು. ಕಳೆದ ಒಂದು ವರ್ಷದ ಬಿಲ್ಲುಗಳನ್ನು ಹರಡಿಕೊಂಡು ಪ್ರತಿ ಗಿರಾಕಿ ನಿಜವಾಗಿ ಎಷ್ಟು ದಿನಕ್ಕೆ ಕೊಟ್ಟಿದ್ದಾನೆ ಅಂತ ತೆಗೆದೆವು. 30 ದಿನ ಎಂದು ಬರೆಸಿಕೊಂಡು 50 ದಿನಕ್ಕೆ ಕೊಡುವವರೂ ಇದ್ದರು, ಹತ್ತೇ ದಿನಕ್ಕೆ ಕೊಡುವ ಪುಣ್ಯಾತ್ಮರೂ ಇದ್ದರು. ಪಟ್ಟಿಯಲ್ಲಿ ಪ್ರತಿ ದೊಡ್ಡ ಗಿರಾಕಿಗೆ ಒಂದು ಸಾಲು, ಪಕ್ಕದಲ್ಲಿ ಅವನ ರೂಢಿಯ ದಿನಗಳು. "ಇತರೆ ವಸೂಲಿ" ಎಂದು ಒಂದೇ ಸಾಲಿನಲ್ಲಿ ತುಂಬಿದ್ದರೆ ಬಹುಶಃ ಅಲ್ಲೇ ಸಿಕ್ಕಿಬೀಳುತ್ತಿದ್ದೆವು.

ಮೂರನೆಯದು, ತಿಂಗಳಿಗೊಮ್ಮೆ ಬಾರದ ಖರ್ಚುಗಳು. ವಿಮೆಯ ಕಂತು, ವರ್ಷದ ತೆರಿಗೆ, ಹಬ್ಬದ ಬೋನಸ್, ಯಂತ್ರದ ದೊಡ್ಡ ರಿಪೇರಿ. ಇವನ್ನು ಹನ್ನೆರಡರಿಂದ ಭಾಗಿಸಿ ಹಂಚಿದರೆ ಪಟ್ಟಿ ಅಂದವಾಗಿ ಕಾಣುತ್ತದೆ, ಆದರೆ ಸುಳ್ಳಾಗುತ್ತದೆ. ಬರುವ ವಾರದಲ್ಲೇ ಬರೆದರೆ ಆ ವಾರ ಖಾತೆ ಎಷ್ಟು ಕೆಳಗೆ ಹೋಗುತ್ತದೆ ಅಂತ ಕಾಣುತ್ತದೆ. ಬ್ಯಾಂಕಿಗೆ ಬೇಕಾದದ್ದು ಆ ಅತಿ ಕೆಳಗಿನ ವಾರ.

ಕಡತ ಶಾಖೆಯಿಂದ ಮೇಲಿನ ಸಾಲ ವಿಭಾಗಕ್ಕೆ ಹೋದ ಮೇಲೆ ನಿಜವಾದ ಕಾಯುವಿಕೆ ಶುರುವಾಯಿತು. ನಾವು ನೇರವಾಗಿ ಮಾತಾಡುವ ಹಾಗಿಲ್ಲ. ಅವರು ಶಾಖೆಯನ್ನು ಕೇಳುತ್ತಾರೆ, ಶಾಖೆ ನಮ್ಮನ್ನು ಕೇಳುತ್ತದೆ, ಉತ್ತರ ಅದೇ ದಾರಿಯಲ್ಲಿ ಮೇಲೆ ಹೋಗುತ್ತದೆ. ಪ್ರಶ್ನೆಗಳು ಒಂದೊಂದೇ ಬರುತ್ತಿದ್ದವು. ಒಂದಕ್ಕೆ ಉತ್ತರ ಕೊಟ್ಟು ವಾರ ಕಾದರೆ ಇನ್ನೊಂದು. ನಡುವೆ ಶಾಖೆಯ ಮ್ಯಾನೇಜರಿಗೆ ವರ್ಗವಾಗಿ ಹೊಸಬರು ಬಂದರು, ಅವರಿಗೆ ಕಥೆ ಮೊದಲಿಂದ ಹೇಳಬೇಕಾಯಿತು. ನಾನು ರಾತ್ರಿ ಎದ್ದು ಕೂತು ಫೋನಿನಲ್ಲಿ ಖಾತೆಯ ಬಾಕಿ ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. ನೋಡಿದರೆ ಅದೇನು ಹೆಚ್ಚುತ್ತಿರಲಿಲ್ಲ.

ಈ ಹಂತದಲ್ಲಿರುವವರಿಗೆ ಒಂದು ಮಾತು: ಬಾಕಿ ಇರುವ ಪ್ರಶ್ನೆಗಳ ಪಟ್ಟಿಯನ್ನು ಈಮೇಲಿನಲ್ಲಿ ಕೇಳಿ ಪಡೆಯಿರಿ. ಪ್ರತಿ ಉತ್ತರದ ಕೊನೆಯಲ್ಲಿ, ಇದರೊಂದಿಗೆ ಇಷ್ಟನೇ ಪ್ರಶ್ನೆ ಮುಗಿಯಿತು, ಉಳಿದದ್ದು ಇವು ಎಂದು ಬರೆಯಿರಿ. ಹೊಸ ಮ್ಯಾನೇಜರ್ ಬಂದಾಗ ನಮಗೆ ಆ ಈಮೇಲುಗಳೇ ಆಧಾರವಾದವು.

ಅರ್ಜಿ ಕೊಟ್ಟ ಮಾತ್ರಕ್ಕೆ ಕಂತು ನಿಲ್ಲುವುದಿಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಮಂಜೂರಾತಿ ಬಂದು ಹೊಸ ಒಪ್ಪಂದಕ್ಕೆ ಸಹಿ ಬೀಳುವವರೆಗೆ ಹಳೆಯ ಕಂತೇ ಕಂತು. ದಿನಗಳ ಎಣಿಕೆ ನಡೆಯುತ್ತಲೇ ಇರುತ್ತದೆ. ಮೂರನೇ ತಿಂಗಳ ಗುಂಡಿ ಬಂದದ್ದು ಕಡತ ಮೇಲಿರುವಾಗಲೇ. ಆ ತಿಂಗಳು ಮನೆಯ ಉಳಿತಾಯ ತಂದು ಹಾಕಿ ಕಂತು ತುಂಬಿದೆವು. ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕಚ್ಚಾ ಮಾಲಿನವರಿಗೂ ಹೋಗಿ ವಿಷಯ ತಿಳಿಸಿ, ಒಂದು ಬಿಲ್ಲಿಗೆ ಹದಿನೈದು ದಿನ ಹೆಚ್ಚು ಪಡೆದೆವು. ಹಾಗೆ ಮುಂದೂಡಿದ್ದನ್ನೂ ಪಟ್ಟಿಯಲ್ಲಿ ತೋರಿಸಿದೆವು, ಯಾಕೆಂದರೆ ಅದು ಮುಂದಿನ ತಿಂಗಳು ಕಟ್ಟಲೇಬೇಕಾದ ಹಣ.

ನಾವು ಎಣಿಸದೇ ಇದ್ದ ತೊಂದರೆ ಬಂದದ್ದು ಓವರ್‌ಡ್ರಾಫ್ಟ್ ಕಡೆಯಿಂದ. ನಮಗೆ ಮಂಜೂರಾದ ಮಿತಿ ಎಷ್ಟೇ ಇರಲಿ, ತಿಂಗಳು ತಿಂಗಳು ಎಷ್ಟು ತೆಗೆಯಬಹುದು ಅನ್ನುವುದನ್ನು ನಾವು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಬ್ಯಾಂಕ್ ನಿರ್ಧರಿಸುತ್ತದೆ. ಇದಕ್ಕೆ ಡ್ರಾಯಿಂಗ್ ಪವರ್ ಎನ್ನುತ್ತಾರೆ. ದಾಸ್ತಾನು ಮತ್ತು ಬರಬೇಕಾದ ಬಿಲ್ಲುಗಳನ್ನು ಕೂಡಿಸಿ, ಮಾಲಿನವರಿಗೆ ಕೊಡಬೇಕಾದದ್ದನ್ನು ಕಳೆದು, ಉಳಿದದ್ದರ ಮುಕ್ಕಾಲು ಭಾಗ ನಮಗೆ ಸಿಗುತ್ತಿತ್ತು. ಆದರೆ 90 ದಿನ ಮೀರಿದ ಬಿಲ್ಲು ಈ ಲೆಕ್ಕಕ್ಕೆ ಬರುವುದಿಲ್ಲ.

ದೊಡ್ಡ ಗಿರಾಕಿ 90 ದಿನ ಎಂದು ಹೇಳಿ 100 ದಿನಕ್ಕೆ ಕೊಡತೊಡಗಿದರು. ಕೊನೆಯ ಹತ್ತು ದಿನದ ಬಿಲ್ಲುಗಳು, ಸುಮಾರು 7, ಲೆಕ್ಕದಿಂದ ಹೊರಗೆ ಬಿದ್ದವು. ಅದರ ಮುಕ್ಕಾಲು ಅಂದರೆ 5ರಷ್ಟು ನಮ್ಮ ಡ್ರಾಯಿಂಗ್ ಪವರ್ ಇಳಿಯಿತು. ನಮ್ಮ ತಿಂಗಳ ಕೊರತೆ ಬರೀ 2 ಇತ್ತು ನೋಡಿ. ಟರ್ಮ್ ಲೋನ್ ಸರಿಮಾಡಿಕೊಳ್ಳುವ ಹೊತ್ತಿಗೆ ಕೆಳಗಿನ ನೆಲವೇ ಸ್ವಲ್ಪ ಜಾರಿತು. ಇದನ್ನು ಬಿಡಿಸಿ ಬರೆದು, ಆ ಗಿರಾಕಿಯ ಬಿಲ್ಲುಗಳನ್ನು ಮಾತ್ರ 120 ದಿನದವರೆಗೆ ಲೆಕ್ಕಕ್ಕೆ ಹಿಡಿಯಿರಿ ಎಂದು ಅದೇ ಅರ್ಜಿಗೆ ಸೇರಿಸಿದೆವು. ಜೊತೆಗೆ ಅವರು ಒಂದೂ ಬಿಲ್ಲು ಮುಳುಗಿಸಿಲ್ಲ ಅನ್ನುವುದಕ್ಕೆ ಹಳೆಯ ವಸೂಲಿಯ ದಾಖಲೆ ಇಟ್ಟೆವು. ಒಂದು ವರ್ಷದ ಮಟ್ಟಿಗೆ ಒಪ್ಪಿದರು. ನಿಮ್ಮಲ್ಲೂ ಎರಡೂ ಥರದ ಸಾಲ ಇದ್ದರೆ ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟು ನೋಡಿ.

ಸಾಲ ವಿಭಾಗದವರು ನಮ್ಮ ಪಟ್ಟಿಯನ್ನು ಹಾಗೇ ನಂಬಲಿಲ್ಲ, ನಂಬಬಾರದು ಕೂಡ. ಏಳನೇ ತಿಂಗಳ ಹೊತ್ತಿಗೆ ಮಾರಾಟ 80ರಿಂದ 85ಕ್ಕೆ ಏರಿ, ಕೈಯಲ್ಲಿ 14 ಉಳಿಯುತ್ತದೆ ಎಂದು ನಾವು ಬರೆದಿದ್ದೆವು. ಕಂತು ಮತ್ತು ಓವರ್‌ಡ್ರಾಫ್ಟ್ ಬಡ್ಡಿ ಸೇರಿ 10.8. ಭಾಗಿಸಿದರೆ 1.30 ಬರುತ್ತದೆ. ಮಾರಾಟ ಏರದೆ 12ರಲ್ಲೇ ನಿಂತರೆ 1.11. ಕಟ್ಟಬಹುದು, ಆದರೆ ಅವರ 1.2 ಮುಟ್ಟುವುದಿಲ್ಲ. ಅವರು ತಾವೇ ಇನ್ನೊಂದು ಲೆಕ್ಕ ಹಾಕಿದರು: ನೀವು ಹೇಳಿದ ಮಾರಾಟಕ್ಕಿಂತ ಶೇಕಡಾ 10 ಕಡಿಮೆ ಆದರೆ? ಆಗ ಮಾರಾಟ 76.5. ಮಾಲಿನ ಖರ್ಚು ಇಳಿದರೂ ಸಂಬಳ ಬಾಡಿಗೆ ಇಳಿಯುವುದಿಲ್ಲ, ಹಾಗಾಗಿ 14 ಹೋಗಿ ಸುಮಾರು 10 ಉಳಿಯುತ್ತದೆ. ತಿಂಗಳಿಗೆ 0.8 ಕಡಿಮೆ. "ಆಗ ಏನು ಮಾಡ್ತೀರಿ ಸರ್?" ಎಂದು ಶಾಖೆಯಿಂದ ಫೋನು ಬಂತು.

ಇಂಥ ಪ್ರಶ್ನೆಗೆ ಇನ್ನಷ್ಟು ಶ್ರಮ ಪಡುತ್ತೇವೆ ಅನ್ನುವುದು ಉತ್ತರವಲ್ಲ. ನಮ್ಮಲ್ಲಿ ಒಂದು ಹಳೆಯ ಲೇತ್ ಕೆಲಸವಿಲ್ಲದೆ ನಿಂತಿತ್ತು. ಮಾರಿದರೆ 11 ಬರುತ್ತದೆ ಎಂದು ಕೊಳ್ಳುವವರಿಂದ ಬರೆಸಿಕೊಂಡೆವು. ಆ ಹಣವನ್ನು ಖರ್ಚು ಮಾಡದೆ ಬ್ಯಾಂಕಿನಲ್ಲೇ ಠೇವಣಿ ಇಟ್ಟು, ಕಂತಿಗೆ ಕಡಿಮೆ ಬಿದ್ದಾಗ ಮಾತ್ರ ತೆಗೆಯುವಂತೆ ಮಾಡೋಣ ಎಂದೆವು. ತಿಂಗಳಿಗೆ 0.8 ಕಡಿಮೆ ಬಿದ್ದರೆ 11 ಒಂದು ವರ್ಷಕ್ಕಿಂತ ಜಾಸ್ತಿ ಬರುತ್ತದೆ. ಅಷ್ಟರಲ್ಲಿ ಸಂಬಳದ ಖರ್ಚು ಹೇಗೆ ಇಳಿಸುತ್ತೇವೆ ಅನ್ನುವುದನ್ನೂ ಬರೆದೆವು. ಎರಡನೇ ಪಾಳಿ ನಿಲ್ಲಿಸುವ ಆ ಸಾಲನ್ನು ಬರೆಯುವಾಗ ಕೈ ತಡೆಯಿತು. ಆ ಪಾಳಿಯ ಹುಡುಗರ ಹೆಸರು, ಮನೆ ಎಲ್ಲ ನನಗೆ ಗೊತ್ತು.

ಲೇತ್ ಮಾರುವುದೂ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಅದರ ಮೇಲೆ ಪ್ರತ್ಯೇಕ ಸಾಲ ಇರಲಿಲ್ಲ. ಆದರೆ ಓವರ್‌ಡ್ರಾಫ್ಟಿನ ಅಡಮಾನ ಪತ್ರದಲ್ಲಿ ಕಾರ್ಖಾನೆಯ "ಎಲ್ಲ ಯಂತ್ರಗಳು" ಎಂದು ಬರೆದಿತ್ತು. ಬ್ಯಾಂಕಿನ ಒಪ್ಪಿಗೆ ಪತ್ರವಿಲ್ಲದೆ ಅದನ್ನು ಬಾಗಿಲು ದಾಟಿಸುವಂತಿಲ್ಲ. ಕೊಳ್ಳುವವರು ಕಾಯಬೇಕಾಯಿತು, ಅವರ ಪುಣ್ಯ, ಕಾದರು. ಮಾರುವ ಯೋಚನೆ ಇದ್ದರೆ ಅಡಮಾನ ಪತ್ರವನ್ನು ಮೊದಲು ತೆಗೆದು ಓದಿ.

ಮಾತುಕತೆ ಎಳೆದಷ್ಟೂ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. 13 ವಾರದ ಪಟ್ಟಿ ಕೊಟ್ಟ ಮೇಲೆ ವಾರಗಳು ಉರುಳುತ್ತವಲ್ಲ, ಬರೆದದ್ದು ನಿಜವಾಯಿತೇ ಅಂತ ಅವರು ಖಾತೆಯಲ್ಲೇ ನೋಡಬಹುದು. ಅವರು ಕೇಳುವ ಮುಂಚೆ ನಾವೇ ಕಳಿಸತೊಡಗಿದೆವು: ಈ ವಾರ ಅಂದುಕೊಂಡದ್ದು ಇಷ್ಟು, ಬಂದದ್ದು ಇಷ್ಟು, ವ್ಯತ್ಯಾಸಕ್ಕೆ ಕಾರಣ ಇದು. ಒಂದು ವಾರ 6 ಕಡಿಮೆ ಬಂತು. ಗಿರಾಕಿಯ ಕಡೆ ಬಿಲ್ಲು ಪಾಸು ಮಾಡುವವರು ರಜೆಯಲ್ಲಿದ್ದರು, ಮುಂದಿನ ವಾರ ಬರುತ್ತದೆ ಎಂದು ಬರೆದೆವು, ಬಂತು. ಸಾಲ ವಿಭಾಗದವರ ಟಿಪ್ಪಣಿಯಲ್ಲಿ ಈ ವಾರವಾರದ ವರದಿಗಳ ಉಲ್ಲೇಖವಿತ್ತು ಎಂದು ಆಮೇಲೆ ಮ್ಯಾನೇಜರ್ ಹೇಳಿದರು. ಕಡಿಮೆ ಬಂದ ವಾರ ನಮಗೆ ಕೆಟ್ಟದ್ದು ಮಾಡಲಿಲ್ಲ. ವಿವರಿಸಿದ ರೀತಿ ಉಪಯೋಗಕ್ಕೆ ಬಂತು.

ಮಂಜೂರಾತಿ ಪತ್ರ ಬಂದಾಗ ಮುಗಿಯಿತು ಅಂದುಕೊಂಡೆವು. ಜಾಮೀನುದಾರರ ಸಹಿ ಬಾಕಿ ಇತ್ತು. ಮೂಲ ಸಾಲಕ್ಕೆ ನನ್ನ ಭಾವ ಜಾಮೀನು ಹಾಕಿದ್ದರು. ಸಾಲದ ಷರತ್ತು ಬದಲಾಗುವಾಗ ಜಾಮೀನುದಾರರ ಒಪ್ಪಿಗೆ ಪಡೆಯದಿದ್ದರೆ ಅವರ ಹೊಣೆ ಕಳಚಿಹೋಗಬಹುದು, ಹಾಗಾಗಿ ಬ್ಯಾಂಕ್ ಹೊಸ ಸಹಿ ಇಲ್ಲದೆ ಒಂದು ಹೆಜ್ಜೆಯೂ ಇಡುವುದಿಲ್ಲ. ಭಾವನ ಮುಂದೆ ಕೂತು ಇದನ್ನು ಹೇಳುವುದು ಬ್ಯಾಂಕಿನಲ್ಲಿ ಹೇಳುವುದಕ್ಕಿಂತ ಕಷ್ಟವಾಗಿತ್ತು. "ಇನ್ನೆಷ್ಟು ವರ್ಷ ನನ್ನ ಹೆಸರು ಇದರಲ್ಲಿ ಇರುತ್ತೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. 30 ತಿಂಗಳಲ್ಲಿ ಬಿಡುಗಡೆ ಆಗಬೇಕಿದ್ದವರು 48 ತಿಂಗಳು ಸಿಕ್ಕಿಕೊಳ್ಳುತ್ತಾರೆ. ಬ್ಯಾಂಕಿಗೆ ಕೊಟ್ಟ ಅದೇ ಪಟ್ಟಿಯನ್ನು ಅವರಿಗೂ ಕೊಟ್ಟೆ. ಎರಡು ದಿನ ಇಟ್ಟುಕೊಂಡು ಓದಿ ಸಹಿ ಹಾಕಿದರು. ನಿಮ್ಮ ಜಾಮೀನುದಾರರಿಗೆ ಮಂಜೂರಾತಿ ಬಂದ ಮೇಲೆ ಹೇಳಬೇಡಿ, ಅರ್ಜಿ ಕೊಡುವ ದಿನವೇ ಹೇಳಿ.

ಖರ್ಚಿನ ಲೆಕ್ಕವನ್ನೂ ಹೇಳುತ್ತೇನೆ. ಪ್ರೊಸೆಸಿಂಗ್ ಶುಲ್ಕ, ಮೌಲ್ಯಮಾಪಕರ ಫೀಸು, ಹೊಸ ಕಾಗದಪತ್ರಗಳ ಖರ್ಚು, ಮೇಡಂ ಫೀಸು ಎಲ್ಲ ಸೇರಿ 4ರ ಆಸುಪಾಸು ಆಯಿತು. ಮೌಲ್ಯಮಾಪಕರ ಫೀಸನ್ನು ಮೊದಲೇ ಕಟ್ಟಬೇಕು, ಅರ್ಜಿ ತಿರಸ್ಕಾರವಾದರೂ ವಾಪಸಿಲ್ಲ. ಇದು ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ಬಡ್ಡಿಯಲ್ಲಿದೆ. ಹಳೆಯ ರೀತಿಯಲ್ಲಿ 30 ಕಂತಿಗೆ ಒಟ್ಟು 390 ಕಟ್ಟುತ್ತಿದ್ದೆವು. ಈಗ ಮೊದಲ ಆರು ತಿಂಗಳ ಬಡ್ಡಿ 20, ಆಮೇಲಿನ 42 ಕಂತಿಗೆ 412, ಒಟ್ಟು 432. ಅಂದರೆ 42 ಹೆಚ್ಚು, ಹಳೆಯ ಮೂರು ಕಂತಿಗಿಂತ ಸ್ವಲ್ಪ ಜಾಸ್ತಿ. ನನ್ನ ಮಟ್ಟಿಗೆ ಇದು ಕೊಡಬಹುದಾದ ಬೆಲೆ. ಆದರೆ ಸಹಿ ಹಾಕುವ ಮುಂಚೆ ಈ ಒಂದು ಕಳೆಯುವ ಲೆಕ್ಕವನ್ನು ನೀವೇ ಮಾಡಿ, ಬೇರೆ ಯಾರೂ ಮಾಡಿ ತೋರಿಸುವುದಿಲ್ಲ.

ಇನ್ನೊಂದು ಬೆಲೆಯೂ ಇದೆ. ಬ್ಯಾಂಕಿನ ದಾಖಲೆಯಲ್ಲಿ ನಮ್ಮ ಸಾಲದ ಮುಂದೆ ರಿಸ್ಟ್ರಕ್ಚರ್ ಆದದ್ದು ಎಂಬ ಗುರುತು ಬಿದ್ದಿದೆ. ಬಾಸೆಲ್ ಮಾರ್ಗಸೂಚಿಯ ಪ್ರಕಾರ ಈ ಗುರುತು ಹೋಗಲು ಕನಿಷ್ಠ ಒಂದು ವರ್ಷ ಬಿಡದೆ ಸರಿಯಾಗಿ ಕಟ್ಟಬೇಕು, ಜೊತೆಗೆ ಹಣದ ಕಷ್ಟ ನೀಗಿದೆ ಅನ್ನುವುದೂ ಕಾಣಬೇಕು. ಅಲ್ಲಿಯವರೆಗೆ ಹೊಸ ಸಾಲದ ಮಾತೆತ್ತುವುದು ಕಷ್ಟ. ಹೊಸ ಯಂತ್ರದ ಆಸೆ ಇದ್ದವರು ಇದನ್ನು ತೂಗಿ ನೋಡಲಿ.

ಸಹಿಯಾದ ಮುಂದಿನ ತಿಂಗಳು ಖಾತೆಯಿಂದ 3.4ರ ಬದಲು ಹಳೆಯ 13 ಕಡಿತವಾಯಿತು! ಒಪ್ಪಂದ ಬದಲಾಗಿತ್ತು, ಗಣಕದಲ್ಲಿದ್ದ ಕಂತಿನ ಪಟ್ಟಿ ಬದಲಾಗಿರಲಿಲ್ಲ. ಆ ವಾರ ಸಂಬಳ ಕೊಡಬೇಕಿತ್ತು. ಶಾಖೆಗೆ ಓಡಿ, ಹೆಚ್ಚುವರಿ ಹಣ ವಾಪಸ್ ಹಾಕಿಸಿಕೊಳ್ಳುವಷ್ಟರಲ್ಲಿ ಸಂಬಳ ತಡವಾಯಿತು. ಸಹಿ ಹಾಕಿದ ದಿನವೇ ಹೊಸ ಕಂತಿನ ಪಟ್ಟಿಯ ಮುದ್ರಿತ ಪ್ರತಿ ಕೇಳಿ. ಅದು ಅವರ ಗಣಕದಿಂದಲೇ ಬಂದಿರಬೇಕು. ಸ್ವಯಂ ಕಡಿತದ ಹಳೆಯ ಆದೇಶ ರದ್ದಾಗಿದೆಯೇ ಅಂತಲೂ ಕೇಳಿ.

ಈಗ ಪ್ರತಿ ತಿಂಗಳು ಕ್ಯಾಶ್ ಫ್ಲೋ ವರದಿ ಕೊಡಬೇಕು, ಮಾಲೀಕರು ತೆಗೆಯುವ ಹಣಕ್ಕೆ ಮಿತಿ ಇದೆ. ಕರಡು ಒಪ್ಪಂದದಲ್ಲಿ ಇನ್ನೊಂದು ಷರತ್ತು ಇತ್ತು: ವರ್ಷದ ಕೊನೆಗೆ ಅಂದಾಜಿಗಿಂತ ಹೆಚ್ಚು ನಗದು ಉಳಿದರೆ ಅದೆಲ್ಲ ಅಸಲಿಗೆ ಕಟ್ಟಬೇಕು. ಅದೆಲ್ಲ ಅನ್ನುವುದನ್ನು ಅರ್ಧ ಎಂದು ಮಾಡಿ, ಮೂರು ವಾರದ ಸಂಬಳ ಮತ್ತು ಮಾಲಿನ ಖರ್ಚಿನಷ್ಟು ಖಾತೆಯಲ್ಲಿ ಉಳಿದ ಮೇಲಿನ ಹಣಕ್ಕೆ ಮಾತ್ರ ಇದು ಅನ್ವಯವಾಗಲಿ ಎಂದು ಕೇಳಿದೆವು. ಆ ಅತಿ ಕೆಳಗಿನ ವಾರದ ಅಂಕಿಯನ್ನು ತೋರಿಸಿಯೇ ಕೇಳಿದ್ದು, ಒಪ್ಪಿಕೊಂಡರು. ಕರಡು ಕೈಗೆ ಬಂದಾಗ ಕಂತಿನ ಪುಟ ಮಾತ್ರ ನೋಡಿ ಮುಚ್ಚಬೇಡಿ, ಇಂಥ ಸಾಲುಗಳು ಕೊನೆಯ ಪುಟಗಳಲ್ಲಿರುತ್ತವೆ.